ಪದಚರ್ಚೆ: ‘B ಆಧಾರದಲ್ಲಿ T ಯ ಮಾತೃಕೆ’, ಇಲ್ಲಿ ‘-ಅಲ್ಲಿ’ ಸಾಕೇ?

ಧಾರವಾಡದಿಂದ

ಬಿ.ಎಸ್ಸಿ. ಬೀಜಗಣಿತದ ಪಾಠವೊಂದರ ಅನುವಾದದಲ್ಲಿ ಒಂದು ನುಡಿಗಟ್ಟು ತೊಡಕಾಗಿದೆ. ‘B ಆಧಾರಕ್ಕೆ ಸಾಪೇಕ್ಷವಾಗಿ T ಯ ಮಾತೃಕೆ’ ಎಂದರೆ ಬಾಯಿ ತುಂಬುತ್ತದೆ, ಆದರೆ ಹುಡುಗರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘B ಆಧಾರದಲ್ಲಿ’ ಎಂದಷ್ಟೇ ಬರೆದರೆ ಅರ್ಥ ಸೋರಿಹೋಗುತ್ತದೆಯೇ? ಪಾಠದಲ್ಲಿರುವ ಲೆಕ್ಕ ಇದು:

```
T(x, y) = (4x − 2y, x + y)
b1 = (1, 1),  b2 = (1, 2)
```

ಶಿರಸಿಯಿಂದ

‘ಮಾತೃಕೆ’ಗೆ ತಾಯಿಯ ವಾಸನೆ ಇದೆ, ಅದೇ ಮೊದಲ ತೊಡಕು. ‘ಚೌಕಟ್ಟು’ ಅಂದರೆ ಆಗದೇ?

ಮೈಸೂರಿನಿಂದ

ಮಾತೃಕೆ ಬೇರೂರಿದ ಪದ, ಅದನ್ನು ಕೀಳುವುದು ಬೇಡ. ಕೇಳಿದ್ದು ವಿಭಕ್ತಿಯ ಬಗ್ಗೆ. ಲೆಕ್ಕವನ್ನೇ ಮಾಡಿ ನೋಡಿದರೆ ಉತ್ತರ ತಾನಾಗಿ ಬರುತ್ತದೆ.

ಮೊದಲು b1 ಅನ್ನು T ಗೆ ಕೊಡಿ. (2, 2) ಬರುತ್ತದೆ. ಇಲ್ಲಿಗೇ ನಿಲ್ಲಬಾರದು. ಬಂದದ್ದನ್ನು ಮತ್ತೆ b1, b2 ಗಳಲ್ಲೇ ಬರೆಯಬೇಕು: (2, 2) = 2b1 + 0b2. ಆದ್ದರಿಂದ ಮೊದಲ ಕಂಬಸಾಲು 2, 0. ಇನ್ನು b2 ಗೆ ಬರುವುದು (0, 3). p + q = 0, p + 2q = 3 ಎಂದು ಬಿಡಿಸಿದರೆ p = −3, q = 3. ಎರಡನೆಯ ಕಂಬಸಾಲು −3, 3.

```
M = [ 2  −3 ]
    [ 0   3 ]
```

ಅಂದರೆ B ಎರಡು ಸಲ ಕೆಲಸ ಮಾಡಿತು, ಒಳಗೆ ಹೋಗುವಾಗ ಒಮ್ಮೆ, ಹೊರಗೆ ಬರುವಾಗ ಒಮ್ಮೆ. ‘B ಆಧಾರದಲ್ಲಿ’ ಎಂಬ ಒಂದೇ ಮಾತು ಎರಡನೆಯದನ್ನು ಮುಚ್ಚಿಡುತ್ತದೆ. ವಿದ್ಯಾರ್ಥಿಗಳು ಎಡವುವುದೂ ಅಲ್ಲೇ. (2, 2), (0, 3) ಗಳನ್ನು ಹಾಗೇ ಕಂಬಸಾಲಾಗಿ ಇಟ್ಟುಬಿಡುತ್ತಾರೆ.

ಮಂಗಳೂರಿನಿಂದ

ಹಾಗೆ ಇಟ್ಟರೆ ಸಿಕ್ಕಿಬೀಳುತ್ತಾರಲ್ಲ? ಪ್ರಮಾಣಿತ ಆಧಾರದ ಮಾತೃಕೆಯಲ್ಲಿ ಕರ್ಣದ ಮೊತ್ತ 4 + 1 = 5, ನಿರ್ಧಾರಕ 4 + 2 = 6. ಆಧಾರ ಬದಲಾದರೂ ಇವೆರಡು ಬದಲಾಗವು. M ನಲ್ಲೂ 5 ಮತ್ತು 6. ಹೊಂದಿದರೆ ಉತ್ತರ ಸರಿ.

ಮೈಸೂರಿನಿಂದ

ಅರ್ಧ ಮಾತ್ರ ಸರಿ. ಹೊಂದದಿದ್ದರೆ ತಪ್ಪು ಖಚಿತ, ಹೊಂದಿದರೆ ಸರಿ ಎನ್ನಲಾಗದು. ಆ ತಪ್ಪು ಮಾತೃಕೆಯನ್ನೇ ನೋಡಿ:

```
N = [ 2  0 ]
    [ 2  3 ]
```

ಇದರ ಕರ್ಣದ ಮೊತ್ತವೂ 5, ನಿರ್ಧಾರಕವೂ 6! ಈ ಲೆಕ್ಕದಲ್ಲಿ ನಿಮ್ಮ ಜರಡಿಗೆ ಕಲ್ಲು ಸಿಗುವುದಿಲ್ಲ. ಒಂದು ಸದಿಶವನ್ನು ಹಾಯಿಸಿ ನೋಡುವುದೇ ದಾರಿ. b1 + b2 = (2, 3) ತೆಗೆದುಕೊಳ್ಳಿ. ಅದರ ಪ್ರತಿಬಿಂಬ (2, 5), ಅಂದರೆ −b1 + 3b2. (1, 1) ಅನ್ನು M ನಿಂದ ಗುಣಿಸಿದರೆ (−1, 3), ಸರಿ. N ನಿಂದ ಗುಣಿಸಿದರೆ (2, 5). ಗಮನಿಸಿ, ಅದು ಸುಳ್ಳು ಸಂಖ್ಯೆಯಲ್ಲ, ಪ್ರಮಾಣಿತ ಆಧಾರ E ಯ ನಿರ್ದೇಶಾಂಕ. N ಬೇರೆ ಪ್ರಶ್ನೆಗೆ ಸರಿಯುತ್ತರ: ಒಳಗೆ B, ಹೊರಗೆ E.

ಹಾಗಾಗಿ ನನ್ನ ಸಲಹೆ ‘B ಯಿಂದ B ಗೆ T ಯ ಮಾತೃಕೆ’. ಕನ್ನಡದ ‘-ಇಂದ’, ‘-ಗೆ’ ಇರುವಾಗ ‘ಸಾಪೇಕ್ಷ’ ಯಾಕೆ ಬೇಕು?

ಬೆಂಗಳೂರಿನಿಂದ

ನಮ್ಮ ಗ್ರಾಫಿಕ್ಸ್ ಕೋಡಿನಲ್ಲಿ ಸದಿಶ ಎಡಕ್ಕೆ, ಮಾತೃಕೆ ಬಲಕ್ಕೆ. ಅಲ್ಲಿ ಪ್ರತಿಬಿಂಬಗಳು ಅಡ್ಡಸಾಲಿನಲ್ಲಿ ಕೂರುತ್ತವೆ. ‘ಕಂಬಸಾಲು’ ಎಂದು ಪಾಠದಲ್ಲಿ ಬರೆಯುವಾಗ ಸದಿಶ ಬಲಕ್ಕಿದೆ ಎಂದೂ ಒಂದು ಸಾಲು ಹಾಕಿ, ಇಲ್ಲದಿದ್ದರೆ ನಮ್ಮಂಥವರು ಮಗುಚಿದ ಮಾತೃಕೆ ಬರೆಯುತ್ತೇವೆ. ಕೈಲೆಕ್ಕ ಬೇಡದವರಿಗೆ, A ಪ್ರಮಾಣಿತ ಮಾತೃಕೆ, P ಯ ಕಂಬಸಾಲುಗಳು b1, b2 ಆಗಿದ್ದರೆ:

```python
M = np.linalg.solve(P, A @ P)
```

ಧಾರವಾಡದಿಂದ

ಎಲ್ಲರಿಗೂ ಶರಣು. ‘B ಯಿಂದ B ಗೆ’ ಹಿಡಿಸಿತು. ಆದರೆ P ಗೆ ಬಂದಾಗ ಮತ್ತೆ ಗೋಜಲು. M = P⁻¹AP. ಈ P ಯನ್ನು ‘B ಯಿಂದ E ಗೆ’ ಎನ್ನಲೇ, ‘E ಯಿಂದ B ಗೆ’ ಎನ್ನಲೇ? ಪುಸ್ತಕಗಳು ಎರಡನ್ನೂ ಹೇಳುತ್ತವೆ.

ಮೈಸೂರಿನಿಂದ

ನಿರ್ದೇಶಾಂಕಗಳ ಕಡೆಯಿಂದ ನೋಡಿದರೆ B ಯಿಂದ E ಗೆ: (1, 1) ಕೊಟ್ಟರೆ P (2, 3) ಕೊಡುತ್ತದೆ. ಹಳೆಯ ಆಧಾರ ಬಿಟ್ಟು ಹೊಸದಕ್ಕೆ ಹೋದೆವು ಎಂಬ ಕಡೆಯಿಂದ ನೋಡುವವರು E ಯಿಂದ B ಗೆ ಎನ್ನುತ್ತಾರೆ. ನಾನು ಮೊದಲನೆಯದರ ಪಕ್ಷ. ದಿಕ್ಕು ತಿರುಗಿಸಿ PAP⁻¹ ಮಾಡಿದರೆ ಬರುವುದು

```
[ 11  −6 ]
[ 12  −6 ]
```

ಇಲ್ಲೂ ಮೊತ್ತ 5, ನಿರ್ಧಾರಕ 6.

ಮಂಗಳೂರಿನಿಂದ

ಜರಡಿಯ ಮಾತು ಹಿಂದಕ್ಕೆ ತೆಗೆದುಕೊಂಡೆ. ಆದರೂ ‘ಆಧಾರ ಬದಲಾವಣೆ’ ಎಂದ ಮೇಲೆ ಬದಲಾಗುವುದು ಆಧಾರವೇ ಅಲ್ಲವೇ? ಹೆಸರಿನ ಪ್ರಕಾರ E ಯಿಂದ B ಗೆ ಎನ್ನುವುದೇ ಸರಿ ಎಂದು ನನಗೆ ಈಗಲೂ ಅನಿಸುತ್ತದೆ.

ಮೈಸೂರಿನಿಂದ

ಹಾಗಿದ್ದರೆ P ಯನ್ನು ‘ನಿರ್ದೇಶಾಂಕ ಬದಲಾವಣೆ ಮಾತೃಕೆ’ ಎಂದು ಕರೆದು ನೋಡಿ. ಉದ್ದವಾಯಿತು, ಒಪ್ಪುತ್ತೇನೆ.