ಪದಚರ್ಚೆ: ಪ್ರಯೋಗವರದಿಯ ಶೀರ್ಷಿಕೆಯಲ್ಲಿ ‘ಲವಣತೆ’, ‘ಸಾರತೆ’, ‘ಮೊಳಕೆಯ ಪ್ರಮಾಣ’

ಉಡುಪಿಯ ಅಧ್ಯಾಪಕಿಯೊಬ್ಬರ ಪ್ರಶ್ನೆ:

ಮಾನ್ಯರೇ, ನಮ್ಮ ಪದವಿ ತರಗತಿಯ ವಿದ್ಯಾರ್ಥಿಗಳು ಎಂಒ 4 ಭತ್ತದ ಬೀಜಗಳನ್ನು ಪೆಟ್ರಿ ತಟ್ಟೆಗಳಲ್ಲಿಟ್ಟು, ಕೆಲವಕ್ಕೆ ಬಟ್ಟಿ ಇಳಿಸಿದ ನೀರನ್ನೂ ಉಳಿದವಕ್ಕೆ 50, 100 ಮತ್ತು 150 ಮಿಲಿಮೋಲಾರ್ ಸೋಡಿಯಂ ಕ್ಲೋರೈಡ್ ದ್ರಾವಣವನ್ನೂ ಹಾಕಿ, ಒಂದು ವಾರ ಪ್ರತಿದಿನವೂ ಮೊಳೆತ ಬೀಜಗಳನ್ನು ಎಣಿಸಿದ್ದಾರೆ. ಒಂದು ತಂಡ ತನ್ನ ವರದಿಗೆ ‘ಉಪ್ಪು ಮತ್ತು ಭತ್ತ: ಒಂದು ಅಧ್ಯಯನ’ ಎಂದು ಹೆಸರಿಟ್ಟಿತ್ತು. ಏನನ್ನು ಬದಲಿಸಿದ್ದೀರಿ, ಏನನ್ನು ಅಳೆದಿದ್ದೀರಿ, ಯಾವುದರಲ್ಲಿ ಅಳೆದಿದ್ದೀರಿ ಎಂಬುದು ಶೀರ್ಷಿಕೆಯಲ್ಲೇ ತಿಳಿಯಬೇಕೆಂದು ಹೇಳಿದ ಮೇಲೆ ‘ಭತ್ತದ ಮೊಳಕೆಯ ಪ್ರಮಾಣದ ಮೇಲೆ ಲವಣತೆಯ ಪರಿಣಾಮ’ ಎಂದು ತಿದ್ದಿಕೊಂಡರು. ಇಷ್ಟು ಸಾಕೇ? ‘ಲವಣತೆ’ ಇಲ್ಲಿ ಒಪ್ಪುವ ಪದವೇ?

ಮಂಗಳೂರಿನ ನಿವೃತ್ತ ಕನ್ನಡ ಅಧ್ಯಾಪಕರು:

‘ಲವಣತೆ’ ಚಿಕ್ಕದು, ಚೊಕ್ಕದು, ಅದನ್ನು ಬಿಡಬೇಡಿ. ನನ್ನ ಆಕ್ಷೇಪವಿರುವುದು ಷಷ್ಠಿಯ ಸರಮಾಲೆಗೆ. ‘ಭತ್ತದ’, ‘ಮೊಳಕೆಯ’, ‘ಪ್ರಮಾಣದ’ ಎಂದು ಒಂದರ ಹಿಂದೆ ಒಂದು ಬಂದಾಗ ಓದುಗನಿಗೆ ಉಸಿರು ಕಟ್ಟುತ್ತದೆ. ‘ಭತ್ತದ ಬೀಜ ಮೊಳೆಯುವ ಪ್ರಮಾಣ’ ಎಂದು ಕ್ರಿಯಾಪದವನ್ನು ನಡುವೆ ತಂದರೆ ಮಾತು ಹಗುರಾಗುತ್ತದೆ. ಇನ್ನೂ ನೇರವಾಗಿ ‘ಉಪ್ಪು ಭತ್ತದ ಮೊಳಕೆಯನ್ನು ತಡೆಯುತ್ತದೆ’ ಎಂದೇ ಬರೆಯಬಹುದಲ್ಲವೇ?

ಬ್ರಹ್ಮಾವರದ ಕೃಷಿಕರು:

ಉಪ್ಪುನೀರು ನುಗ್ಗುವ ಗದ್ದೆಗೆ ಯಾವ ತಳಿ ಆದೀತೆಂದು ತಾವು ಕೇಳುತ್ತಿದ್ದೀರೆಂದು ಭಾವಿಸಿದ್ದೇನೆ. ಅದಕ್ಕಾದರೆ ಅಘನಾಶಿನಿಯ ಗಜನಿ ಗದ್ದೆಗಳ ಕಗ್ಗ ಭತ್ತವನ್ನು ನೋಡಬೇಕು. ನನ್ನ ಮಗನೂ ಇಂಥದೇ ವರದಿ ಬರೆದಿದ್ದಾನೆ: ಹೊಳೆಯಿಂದ ಬೇರೆಬೇರೆ ದೂರದಲ್ಲಿರುವ ಬಾವಿಗಳ ನೀರು ತಂದು ಉಪ್ಪಿನಂಶ ಅಳೆದು, ‘ಬಾವಿನೀರಿನ ಉಪ್ಪಿನಂಶದ ಮೇಲೆ ಹೊಳೆಯ ದೂರದ ಪರಿಣಾಮ’ ಎಂದು ಶೀರ್ಷಿಕೆ ಕೊಟ್ಟಿದ್ದಾನೆ. ಅದೂ ಸರಿಯಷ್ಟೆ?

ಮಂಗಳೂರಿನ ಸಸ್ಯವಿಜ್ಞಾನದ ಪ್ರಾಧ್ಯಾಪಕರು:

ಮೊದಲು ‘ಲವಣತೆ’ಯ ವಿಚಾರ. ಸಮುದ್ರದ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಲವಣಗಳಿದ್ದು, ಅವುಗಳಲ್ಲಿ ಮೆಗ್ನೀಸಿಯಂ, ಕ್ಯಾಲ್ಸಿಯಂ, ಸಲ್ಫೇಟುಗಳೂ ಸೇರಿವೆ. ವಿದ್ಯಾರ್ಥಿಗಳು ಬಳಸಿದ್ದು ಸೋಡಿಯಂ ಕ್ಲೋರೈಡ್ ಒಂದನ್ನೇ, ಅದೂ 100 ಮಿಲಿಮೋಲಾರ್ ಎಂದರೆ ಲೀಟರಿಗೆ 5.84 ಗ್ರಾಂ. ‘ಲವಣತೆ’ ಎಂದು ಬರೆದರೆ ಹಿನ್ನೀರಿನ ಗದ್ದೆಯಲ್ಲೂ ಇದೇ ಆಗುತ್ತದೆಂಬ ಅರ್ಥ ಹೊರಡುತ್ತದೆ. ಅದನ್ನು ಅವರು ಪರೀಕ್ಷಿಸಿಲ್ಲ. ಎರಡು ಪದ ಹೆಚ್ಚಾದರೂ, ದ್ರಾವಣದಲ್ಲಿ ಅದು ಎಷ್ಟು ಕರಗಿದೆಯೆಂದು ಹೇಳುವ ‘ಸೋಡಿಯಂ ಕ್ಲೋರೈಡ್ ಸಾರತೆ’ ಎಂದೇ ಇರಲಿ.

ನನಗೆ ಹೆಚ್ಚು ತೊಡಕಾಗಿ ಕಾಣುವುದು ‘ಪ್ರಮಾಣ’. ಉಪ್ಪು ಹದವಾಗಿದ್ದಾಗ ಬೀಜಕ್ಕೆ ನೀರು ಹೀರಿಕೊಳ್ಳುವುದು ಕಷ್ಟವಾಗಿ ಮೊಳಕೆ ತಡವಾಗುತ್ತದೆಯೇ ಹೊರತು ಅನೇಕ ವೇಳೆ ನಿಂತುಹೋಗುವುದಿಲ್ಲ. ತಟ್ಟೆಗೆ 50 ಬೀಜ ಇಟ್ಟಿದ್ದಾರೆ ಎನ್ನೋಣ. ಮೂರನೆಯ ದಿನ ನೀರಿನಲ್ಲಿ 45, 100 ಮಿಲಿಮೋಲಾರಿನಲ್ಲಿ 20 ಮೊಳೆತು, ಏಳನೆಯ ದಿನ ಅವು 48 ಮತ್ತು 46 ಆದರೆ, ಶೇಕಡಾವಾರು ನೋಡುವವನಿಗೆ ಉಪ್ಪಿನಿಂದ ಹೆಚ್ಚೇನೂ ಆಗಿಲ್ಲವೆಂದೂ ವೇಗ ನೋಡುವವನಿಗೆ ಬಹಳ ಆಗಿದೆಯೆಂದೂ ತೋರುತ್ತದೆ. ‘ಪ್ರಮಾಣ’ ಎರಡಕ್ಕೂ ಸಲ್ಲುವುದರಿಂದ ಶೀರ್ಷಿಕೆ ಓದಿದವನಿಗೆ ಇವೆರಡರಲ್ಲಿ ಯಾವುದೆಂದು ತಿಳಿಯದು. ‘ದರ’ ಎಂದರೂ ಅದೇ ಗೊಂದಲ. ದಿನವೂ ಎಣಿಸಿದ್ದಾರಾದ್ದರಿಂದ ಫಲಿತಾಂಶದ ಕೋಷ್ಟಕ ಯಾವುದನ್ನು ಲೆಕ್ಕ ಹಾಕಿದೆಯೋ ಆ ಪದವನ್ನೇ ಶೀರ್ಷಿಕೆಗೆ ತರಬೇಕು. ವರದಿ ಬರೆದಾದ ಮೇಲೆ ಶೀರ್ಷಿಕೆಯನ್ನು ಕೋಷ್ಟಕದ ತಲೆಬರಹಗಳ ಪಕ್ಕದಲ್ಲಿಟ್ಟು ನೋಡಿದರೆ ತಪ್ಪು ತಾನಾಗಿ ಕಾಣುತ್ತದೆ.

ಕ್ರಿಯಾಪದದ ಸಲಹೆ ಚೆನ್ನಾಗಿದೆ, ಆದರೆ ‘ತಡೆಯುತ್ತದೆ’ ಎಂಬುದು ಪ್ರಯೋಗದ ಹೆಸರಲ್ಲ, ತೀರ್ಮಾನ. ಮೇಲಿನ ಅಂಕಿಗಳಿದ್ದರೆ ಅದು ಸುಳ್ಳೂ ಆಗುತ್ತದೆ. ಬಾವಿಯ ವರದಿಗೆ ‘ಪರಿಣಾಮ’ ಒಪ್ಪುವುದಿಲ್ಲ. ದೂರವನ್ನು ಮಗ ಬದಲಿಸಲಿಲ್ಲ, ಇದ್ದ ಬಾವಿಗಳನ್ನು ಅಳೆದನಷ್ಟೆ. ಬಾವಿಯ ಆಳವೂ ಪಂಪಿನ ಬಳಕೆಯೂ ಅಲ್ಲಿ ಕೈಯಾಡಿಸಿರಬಹುದು. ‘ಸಂಬಂಧ’ ಎಂದರೆ ಸಾಕು, ಜೊತೆಗೆ ಹೊಳೆಯ ಹೆಸರೂ ಅಳೆದ ತಿಂಗಳೂ ಇರಲಿ, ಏಕೆಂದರೆ ಮೇ ತಿಂಗಳ ಬಾವಿಯೂ ಆಗಸ್ಟಿನ ಬಾವಿಯೂ ಒಂದೇ ಅಲ್ಲ.

ನಿವೃತ್ತ ಅಧ್ಯಾಪಕರು:

‘ತಡೆಯುತ್ತದೆ’ ಎಂಬುದನ್ನು ಹಿಂತೆಗೆದುಕೊಂಡೆ. ಆದರೆ ‘ಸಾರತೆ’ ಎಂಬುದನ್ನು ಪಠ್ಯಪುಸ್ತಕದ ಹೊರಗೆ ಯಾರು ಬಲ್ಲರು? ‘ಸಾಂದ್ರತೆ’ ಎನ್ನಿ.

ಅಧ್ಯಾಪಕಿ:

ಎಲ್ಲರಿಗೂ ವಂದನೆಗಳು. ತಂಡ ಲೆಕ್ಕ ಹಾಕಿದ್ದು ಸರಾಸರಿ ಮೊಳಕೆಯ ಅವಧಿಯನ್ನು. ಆದ್ದರಿಂದ ‘ಎಂಒ 4 ಭತ್ತದ ಬೀಜ ಮೊಳೆಯುವ ವೇಗದ ಮೇಲೆ ಸೋಡಿಯಂ ಕ್ಲೋರೈಡ್ ಸಾರತೆಯ ಪರಿಣಾಮ’ ಎಂದು ಇಟ್ಟುಕೊಂಡಿದ್ದೇವೆ. ತಟ್ಟೆ, ದಿನಗಳು, ಸಾರತೆಯ ಹಂತಗಳು ವಿಧಾನದ ಭಾಗಕ್ಕೆ ಹೋದವು. ‘ಸಾಂದ್ರತೆ’ಯನ್ನು ಒಪ್ಪಲು ನನಗೆ ಹಿಂಜರಿಕೆ, ಏಕೆಂದರೆ ಇದೇ ವಿದ್ಯಾರ್ಥಿಗಳು ಭೌತಶಾಸ್ತ್ರದಲ್ಲಿ ರಾಶಿಯನ್ನು ಗಾತ್ರದಿಂದ ಭಾಗಿಸಿದಾಗ ಬರುವುದನ್ನು ಅದೇ ಹೆಸರಿನಿಂದ ಕರೆಯುತ್ತಾರೆ. ಮೂರನೆಯ ಪದವೊಂದು ಯಾರಿಗಾದರೂ ತಿಳಿದಿದ್ದರೆ ತಿಳಿಸಿ.