ಪದಚರ್ಚೆ: ‘ಸಮಾಂತರ ಶ್ರುತಿ’ ಸರಿಯೇ? ಪಂಚಮ ಕೋಮಲ ಧೈವತವಾದ ಪ್ರಸಂಗ

ಧಾರವಾಡದಿಂದ, ಭೌತಶಾಸ್ತ್ರ ಉಪನ್ಯಾಸಕ

ಎಲ್ಲರಿಗೂ ನಮಸ್ಕಾರ. ಪಿಯುಸಿ ಮಕ್ಕಳಿಗಾಗಿ ಧ್ವನಿಯ ಪಾಠವನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಒಂದು ಪದ ನನ್ನನ್ನು ಕಾಡುತ್ತಿದೆ.

ಕೀಬೋರ್ಡಿನಲ್ಲಿ ಸಾ ದಿಂದ ಮೇಲಿನ ಸಾ ವರೆಗೆ ಹನ್ನೆರಡು ಸಮ ಹೆಜ್ಜೆಗಳಿರುತ್ತವೆ. ಇಂಗ್ಲಿಷಿನಲ್ಲಿ ಇದನ್ನು ಈಕ್ವಲ್ ಟೆಂಪರಮೆಂಟ್ ಎನ್ನುತ್ತಾರೆ. ನಾನು ‘ಸಮಾಂತರ ಶ್ರುತಿ’ ಎಂದು ಬರೆದೆ. ತರಗತಿಯಲ್ಲಿ ಸಂಗೀತ ಕಲಿಯುವ ಒಬ್ಬ ಹುಡುಗಿ ಇದ್ದಾಳೆ. ಅವಳು ನನ್ನ ಪದವನ್ನು ನಂಬಿ ಲೆಕ್ಕ ಹಾಕಿದಳು: ಸಾ ದ ಕಂಪನಾಂಕ ಸೆಕೆಂಡಿಗೆ 240, ಮೇಲಿನ ಸಾ 480, ನಡುವಿನ ಅಂತರ 240, ಹನ್ನೆರಡು ಮನೆಗೆ ಹಂಚಿದರೆ ಮನೆಗೆ 20. ಪಂಚಮ ಏಳನೆಯ ಮನೆ, ಹಾಗಾಗಿ 240ಕ್ಕೆ 140 ಕೂಡಿಸಿ 380. ಆ ಕಂಪನಾಂಕವನ್ನು ಮೊಬೈಲಿನಲ್ಲಿ ನುಡಿಸಿ, ಪಕ್ಕದಲ್ಲಿ 240ರ ತಂಬೂರಿ ಹಚ್ಚಿ ಕೇಳಿದಳು. ಮರುದಿನ ಬಂದು, “ಸರ್, ಇದು ಪಂಚಮ ಅಲ್ಲ, ಕೋಮಲ ಧೈವತ” ಎಂದಳು.

ಅವಳ ಕಿವಿ ಸರಿಯಾಗಿತ್ತು, ನನ್ನ ಪದ ತಪ್ಪಾಗಿತ್ತು. ಹೆಜ್ಜೆಗಳು ಸಮ ಎಂದರೆ ಪ್ರತಿ ಹೆಜ್ಜೆಗೂ ಅದೇ ಸಂಖ್ಯೆಯನ್ನು ಕೂಡಿಸುವುದಲ್ಲ, ಅದೇ ಸಂಖ್ಯೆಯಿಂದ ಗುಣಿಸುವುದು. ಹನ್ನೆರಡು ಸಲ ಗುಣಿಸಿದಾಗ ಎರಡು ಪಟ್ಟಾಗಬೇಕಾದರೆ ಆ ಸಂಖ್ಯೆ ಸುಮಾರು 1.0595. ಏಳು ಸಲ ಗುಣಿಸಿದರೆ 1.4983, ಅಂದರೆ ಪಂಚಮ 359.6. ಇದೇ ಕ್ರಮದಲ್ಲಿ ಕೋಮಲ ಧೈವತ 381 ಆಗುತ್ತದೆ. ಅವಳ 380 ಅದರ ಹೊಸ್ತಿಲಲ್ಲೇ ಇತ್ತು.

ಹಾಗಾದರೆ ಸರಿಯಾದ ಪದ ಯಾವುದು? ಜೊತೆಗೆ ಇನ್ನೊಂದು: ಎರಡು ಸ್ವರಗಳು ಕೂಡಿ ಹಿತವಾಗಿ ಕೇಳಿಸುವ ಗುಣಕ್ಕೆ ‘ಸಂವಾದ’ ಎನ್ನಬಹುದೇ?

ಹುಬ್ಬಳ್ಳಿಯಿಂದ, ನಿವೃತ್ತ ಕನ್ನಡ ಶಿಕ್ಷಕ

ಹುಡುಗಿಯನ್ನು ದಾರಿ ತಪ್ಪಿಸಿದ್ದು ನೀವೊಬ್ಬರೇ ಅಲ್ಲ, ಅವಳ ಹತ್ತನೆಯ ತರಗತಿಯ ಗಣಿತ ಪುಸ್ತಕವೂ ಹೌದು. ಅಲ್ಲಿ ಒಂದೇ ಸಂಖ್ಯೆಯನ್ನು ಕೂಡಿಸುತ್ತ ಹೋಗುವ ಸಾಲಿಗೆ ‘ಸಮಾಂತರ ಶ್ರೇಢಿ’ ಎಂದೇ ಹೆಸರು. ಅವಳು ಕಲಿತದ್ದನ್ನೇ ಮಾಡಿದ್ದಾಳೆ. ಗುಣಿಸುತ್ತ ಹೋಗುವ ಸಾಲು ‘ಗುಣೋತ್ತರ ಶ್ರೇಢಿ’. ಆದ್ದರಿಂದ ‘ಗುಣೋತ್ತರ ಶ್ರುತಿ’ ಎನ್ನಿ, ಗೊಂದಲ ತಾನಾಗಿ ಹರಿಯುತ್ತದೆ.

‘ಸಂವಾದ’ ಹಳೆಯ, ಗಟ್ಟಿಯಾದ ಪದ. ನಾಟ್ಯಶಾಸ್ತ್ರದಲ್ಲಿ ಒಂಬತ್ತು ಅಥವಾ ಹದಿಮೂರು ಶ್ರುತಿಗಳ ಅಂತರದಲ್ಲಿರುವ ಸ್ವರಗಳನ್ನು ಪರಸ್ಪರ ಸಂವಾದಿ ಎಂದಿದ್ದಾರೆ. ಸಾ–ಮ, ಸಾ–ಪ ಆ ಜೋಡಿಗಳು. ಸಾ–ಪ ಹಿತವಾಗಲು ಕಾರಣವೂ ಸರಳ. ಅವುಗಳ ಅನುಪಾತ ಎರಡಕ್ಕೆ ಮೂರು, ಮತ್ತು ಹನ್ನೆರಡು ಮನೆಗಳನ್ನು ಸಮನಾಗಿ ಹಂಚಿದ್ದರಿಂದಲೇ ಆ ಅನುಪಾತ ದೊರೆಯಿತು.

ಹಾವೇರಿಯಿಂದ, ಗೃಹಿಣಿ

ಸಂವಾದ ಎಂದರೆ ನಮ್ಮ ಊರಿನಲ್ಲಿ ಭಾಷಣದ ನಂತರ ನಡೆಯುವ ಪ್ರಶ್ನೋತ್ತರ. ಪಾಠದಲ್ಲಿ ಆ ಪದ ಕಂಡರೆ ಮಕ್ಕಳು ಅದನ್ನೇ ನೆನೆಯುತ್ತಾರೆ. ಹೋದ ವಾರ ಯಾರೋ ಸಾ ದಿಂದ ಮೇಲಿನ ಸಾ ವರೆಗಿನ ಅಂತರಕ್ಕೆ ‘ಅಷ್ಟಕ’ ಎಂದು ಬರೆದಾಗಲೂ ನಾನು ಎಂಟು ಶ್ಲೋಕಗಳ ಸ್ತೋತ್ರ ಎಂದುಕೊಂಡಿದ್ದೆ. ಸಪ್ತಕ ಎಂದರೆ ತಿಳಿಯುತ್ತಿತ್ತು.

ನನ್ನದೊಂದು ತೊಂದರೆ ಇದೆ. ಮಗಳಿಗೆ ಭಜನೆಗೆಂದು ಕೀಬೋರ್ಡ್ ಕೊಡಿಸಿದೆವು. ತಂಬೂರಿಯ ಜೊತೆ ಸಾ, ಪ ನುಡಿಸಿದರೆ ಚೆನ್ನಾಗಿದೆ. ಶುದ್ಧ ಗಾಂಧಾರ ಒತ್ತಿ ಹಿಡಿದರೆ ಮಾತ್ರ ಒಳಗೆ ಏನೋ ನಡುಗಿದಂತಾಗುತ್ತದೆ. ಅಂಗಡಿಗೆ ಎರಡು ಸಲ ಒಯ್ದೆ. ಕೀಬೋರ್ಡ್ ಸರಿಯಾಗಿಯೇ ಇದೆ ಎಂದು ಮರಳಿಸಿದರು. ಬದಲಿಸಿ ಕೊಡಿ ಎಂದು ಪಟ್ಟು ಹಿಡಿಯಲೇ?

ಗದಗದಿಂದ, ಹಾರ್ಮೋನಿಯಂ ದುರಸ್ತಿ ಮಾಡುವವರು

ಅಕ್ಕನವರೇ, ಪಟ್ಟು ಹಿಡಿಯಬೇಡಿ, ಕೀಬೋರ್ಡಿನಲ್ಲಿ ದೋಷವಿಲ್ಲ. ಹುಬ್ಬಳ್ಳಿಯ ಗುರುಗಳು ಕ್ಷಮಿಸಬೇಕು, ಸಮನಾಗಿ ಹಂಚಿದಾಗ ಪಂಚಮ ಪೂರ್ತಿ ಶುದ್ಧವಾಗಿ ಸಿಗುವುದಿಲ್ಲ, ಕೂದಲೆಳೆಯಷ್ಟು ಇಳಿದಿರುತ್ತದೆ. ಆ ಕೂದಲೆಳೆಯನ್ನು ನಾನು ದಿನವೂ ಕೈಯಿಂದ ಮಾಡುತ್ತೇನೆ.

ಕೆಲಸ ಹೀಗೆ. ಮೊದಲು ಸಾ ಮತ್ತು ಮೇಲಿನ ಸಾ ರೀಡುಗಳನ್ನು ಕೂಡಿಸಿ ನುಡಿಸುತ್ತೇನೆ. ಹೊಂದದಿದ್ದರೆ ಧ್ವನಿ ಏರಿ ಇಳಿದು ತೂಗುತ್ತದೆ, ನಾವು ಅದನ್ನು ಅಲೆ ಎನ್ನುತ್ತೇವೆ. ರೀಡಿನ ತುದಿಯನ್ನು ಒಂದಿಷ್ಟು ಕೆರೆದರೆ ಸ್ವರ ಏರುತ್ತದೆ, ರಿವೆಟ್ ಇರುವ ಬುಡದ ಕಡೆ ಕೆರೆದರೆ ಇಳಿಯುತ್ತದೆ. ಅಲೆ ಪೂರ್ತಿ ನಿಲ್ಲುವವರೆಗೆ ಇದನ್ನು ಮಾಡುತ್ತೇನೆ. ಸಪ್ತಕದಲ್ಲಿ ಅಲೆ ಉಳಿಯಬಾರದು. ಪಂಚಮದಲ್ಲಿಯೂ ಮೊದಲು ಅಲೆ ನಿಲ್ಲಿಸಿ, ಆಮೇಲೆ ತುಸು ಇಳಿಸಿ ನಿಧಾನವಾದ ಒಂದು ಅಲೆಯನ್ನು ಬೇಕೆಂದೇ ಬಿಡುತ್ತೇನೆ. ಬಿಡದಿದ್ದರೆ ಏನಾಗುತ್ತದೆ ಎಂಬುದನ್ನು ಕಲಿಯುವ ದಿನಗಳಲ್ಲಿ ಕಂಡಿದ್ದೇನೆ. ಸಾ ದಿಂದ ಪ, ಆ ಪ ವನ್ನೇ ಸಾ ಎಂದು ಹಿಡಿದು ಅದರ ಪ, ಹೀಗೆ ಹನ್ನೆರಡು ಸಲ ಶುದ್ಧವಾಗಿ ಸುತ್ತಿ ಬಂದರೆ ಹೊರಟ ಸಾ ಗೆ ಮರಳುವುದಿಲ್ಲ, ಅದಕ್ಕಿಂತ ಮೇಲೆ ನಿಲ್ಲುತ್ತೇವೆ. ಕೊನೆಯ ಜೋಡಿ ಕಿವಿ ಮುಚ್ಚಿಕೊಳ್ಳುವಂತೆ ಊಳಿಡುತ್ತದೆ.

ಕೆಲವು ಗಾಯಕರು ತಮ್ಮ ಸಾ ಒಂದಕ್ಕೇ ಶುದ್ಧ ಗಾಂಧಾರ ಕೂಡಿಸಿ ಕೊಡಿ ಎಂದು ಪೆಟ್ಟಿಗೆ ತರುತ್ತಾರೆ. ಕೊಡುತ್ತೇನೆ, ಕೇಳಲು ಬಹಳ ಸೊಗಸು. ಆದರೆ ಆ ಪೆಟ್ಟಿಗೆ ಬೇರೆ ಸಾ ದಿಂದ ಹಾಡುವವರಿಗೆ ಒದಗುವುದಿಲ್ಲ.

ಧಾರವಾಡದಿಂದ, ಮತ್ತೆ ಉಪನ್ಯಾಸಕ

ಗದಗದ ಅಣ್ಣನವರ ಅಲೆಯನ್ನು ಎಣಿಸಿಯೇ ತೋರಿಸಬಹುದು. ರೀಡು 240ರಲ್ಲಿ ನುಡಿದಾಗ ಅದೊಂದೇ ಕೇಳಿಸುವುದಿಲ್ಲ. 480, 720, 960, 1200 ಎಂದು ಅದರ ಮೇಲ್ಸ್ವರಗಳೂ ಸಣ್ಣಗೆ ಜೊತೆಗಿರುತ್ತವೆ. ಮೇಲಿನ ಸಾ ದ 480, 960, 1440 ಎಲ್ಲವೂ ಕೆಳಗಿನ ಸಾ ದಲ್ಲಿ ಆಗಲೇ ಇವೆ. ಹೊಸಬರು ಯಾರೂ ಇಲ್ಲದ್ದರಿಂದ ಸಪ್ತಕ ಅಷ್ಟು ನುಣುಪು. ಮೂಲ ಸ್ವರವನ್ನೇ ಮೊದಲನೆಯದೆಂದು ಎಣಿಸಿದರೆ, ಶುದ್ಧ ಪಂಚಮ 360ರ ಎರಡನೆಯ ಮೇಲ್ಸ್ವರ 720, ಅದು ಸಾ ದ ಮೂರನೆಯದರ ಮೇಲೆ ಸರಿಯಾಗಿ ಕೂರುತ್ತದೆ. ಕೀಬೋರ್ಡಿನ ಪಂಚಮದಲ್ಲಿ ಅದು 719.2. ವ್ಯತ್ಯಾಸ 0.8, ಅಂದರೆ ಐದು ಸೆಕೆಂಡಿಗೆ ಸುಮಾರು ನಾಲ್ಕು ಅಲೆ. ಇದು ಕಿವಿಗೆ ಚುಚ್ಚುವುದಿಲ್ಲ, ಉಸಿರಾಟದಂತೆ ತೂಗುತ್ತದೆ.

ಹಾವೇರಿಯ ಅಕ್ಕನವರ ಗಾಂಧಾರವನ್ನು ನೋಡಿ. ಅವರ ಸಾ ಕೂಡ 240 ಎಂದಿಟ್ಟುಕೊಳ್ಳೋಣ. ಶುದ್ಧ ಗಾಂಧಾರ 300, ಅದರ ನಾಲ್ಕು ಪಟ್ಟು 1200, ಸಾ ದ ಐದನೆಯ ಮೇಲ್ಸ್ವರವೂ 1200. ಕೀಬೋರ್ಡಿನ ಗಾಂಧಾರ 302.4, ನಾಲ್ಕು ಪಟ್ಟು ಸುಮಾರು 1209.5. ಸೆಕೆಂಡಿಗೆ ಒಂಬತ್ತೂವರೆ ಅಲೆ, ಎಣಿಸಲಾಗದಷ್ಟು ವೇಗ. ನೀವು ಕೇಳಿದ ನಡುಕ ಇದೇ. ತಂಬೂರಿಯ ಖರಜ ತಂತಿಯೊಳಗೇ ಶುದ್ಧ ಗಾಂಧಾರ ಮಿಡಿಯುತ್ತಿರುವುದರಿಂದ ಅದು ಇನ್ನೂ ಎದ್ದು ಕಾಣುತ್ತದೆ.

ಹಿತಕ್ಕೆ ಜರ್ಮನ್ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲಿ ಕೊಟ್ಟ ವಿವರಣೆಯ ತಿರುಳು ಇದು. ಆದರೆ ಇದನ್ನು ಕಣ್ಣು ಮುಚ್ಚಿ ಹಿಗ್ಗಿಸಬಾರದು. ಮೊಬೈಲಿನಲ್ಲಿ ಮೇಲ್ಸ್ವರಗಳೇ ಇಲ್ಲದ ಎರಡು ಬರಿಯ ಧ್ವನಿಗಳನ್ನು, 240 ಮತ್ತು 355, ಮೆಲ್ಲಗೆ ಕೂಡಿಸಿ ನುಡಿಸಿ. ಅನುಪಾತ ಕೆಟ್ಟಿದ್ದರೂ ಒರಟು ಅಷ್ಟಾಗಿ ಕೇಳಿಸುವುದಿಲ್ಲ. ಅದನ್ನೇ ಹಾರ್ಮೋನಿಯಂ ರೀಡಿನಲ್ಲಿ ಮಾಡಿದರೆ ತಕ್ಷಣ ಮುಖ ಕಿವುಚುತ್ತೇವೆ. ಎರಡಕ್ಕೆ ಮೂರು ಎಂಬ ಅಂಕೆಯಷ್ಟೇ ಸಾಲದು, ನುಡಿಸುವ ವಾದ್ಯದ ಮೇಲ್ಸ್ವರಗಳೂ ಬೇಕು.

ಪಾಠದಲ್ಲಿ ಈ ಅಲೆಗೆ ‘ವಿಸ್ಪಂದ’ ಎಂಬ ಶಾಸ್ತ್ರೀಯ ಪದವನ್ನು ಒಮ್ಮೆ ಬರೆದು, ಉಳಿದ ಕಡೆ ‘ಅಲೆ’ ಎಂದೇ ಬರೆಯುತ್ತೇನೆ. ‘ಸಂವಾದ’ವನ್ನು ಉಳಿಸಿಕೊಳ್ಳುವ ಆಸೆ ನನಗಿದೆ, ಅಕ್ಕನವರ ಆಕ್ಷೇಪಕ್ಕೆ ಉತ್ತರ ಮಾತ್ರ ಇನ್ನೂ ಸಿಕ್ಕಿಲ್ಲ.

ಹುಬ್ಬಳ್ಳಿಯಿಂದ

ಪಂಚಮದ ವಿಷಯದಲ್ಲಿ ನನ್ನ ಮಾತು ತಪ್ಪು, ಒಪ್ಪಿದೆ. ಆದರೆ ನಾನೇ ಸೂಚಿಸಿದ ‘ಗುಣೋತ್ತರ ಶ್ರುತಿ’ಯ ಬಗ್ಗೆ ಈಗ ಅನುಮಾನ ಬಂದಿದೆ. ಗಾಯಕರಿಗೆ ಶ್ರುತಿ ಎಂದರೆ ಹಿಡಿದ ಸಾ, ಶಾಸ್ತ್ರದವರಿಗೆ ಸಪ್ತಕದ ಇಪ್ಪತ್ತೆರಡು ಸೂಕ್ಷ್ಮ ಭಾಗಗಳಲ್ಲಿ ಒಂದು. ‘ಗುಣೋತ್ತರ ಸ್ವರಕ್ರಮ’ ಹೇಗೆ?

ಗದಗದಿಂದ

ನಮ್ಮ ಅಂಗಡಿಗೆ ಬರುವವರು “ಕೀಬೋರ್ಡಿಗೆ ಹೊಂದುವಂತೆ ಕೂಡಿಸಿ” ಎನ್ನುತ್ತಾರೆ, ಇಲ್ಲವೇ “ತಂಬೂರಿಗೆ ಹೊಂದುವಂತೆ” ಎನ್ನುತ್ತಾರೆ. ಪುಸ್ತಕಕ್ಕೆ ಯಾವುದು ಒಪ್ಪುತ್ತದೆಯೋ ನೀವೇ ನೋಡಿ. ಆ ಹುಡುಗಿ ಗದಗಿಗೆ ಬಂದರೆ ಪಂಚಮದ ಅಲೆಯನ್ನು ರೀಡಿನ ಮೇಲೆ ಕೆರೆದು ತೋರಿಸುತ್ತೇನೆ.