ಪದಚರ್ಚೆ: ‘ಮೂಲ ಪ್ರಮಾಣಪತ್ರ’ ಅಂದ್ರೆ ಯಾವುದು? ‘ಆಮದು ಭಾಗ’ ಅಂತ ಬರೆದ್ರೆ ಸಾಕಾ?

ಕೈಪಿಡಿ ಅನುವಾದಕಿ ಬರೆದದ್ದು:

ಗೆಳೆಯರೇ, ರಫ್ತು ಮಾಡುವ ಸಣ್ಣ ಕಾರ್ಖಾನೆಯವರಿಗಾಗಿ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಷಯ ಇಷ್ಟೇ. ವ್ಯಾಪಾರ ಒಪ್ಪಂದ ಮಾಡಿಕೊಂಡ ದೇಶಗಳು ಒಬ್ಬರ ಸರಕಿಗೆ ಇನ್ನೊಬ್ಬರು ಸುಂಕ ಇಳಿಸುತ್ತಾರೆ. ಕೆಲವಕ್ಕೆ ಸುಂಕವೇ ಇಲ್ಲ. ಆದರೆ ಸರಕು ನಿಜವಾಗಿ ಆ ದೇಶದ್ದೇ ಅಂತ ಸಾಬೀತು ಮಾಡಬೇಕು. ಅದಕ್ಕೊಂದು ಸರ್ಟಿಫಿಕೇಟ್ ಆಫ್ ಒರಿಜಿನ್ ಬೇಕು. ಇದನ್ನು ‘ಮೂಲ ಪ್ರಮಾಣಪತ್ರ’ ಅಂತ ಬರೆದೆ. ಕರಡು ಓದಿದ ಒಬ್ಬರು ತಮ್ಮ ಗುಣಮಟ್ಟದ ಸರ್ಟಿಫಿಕೇಟಿನ ಅಸಲು ಪ್ರತಿ ಹುಡುಕಿಕೊಂಡು ಬಂದರು! ‘ಮೂಲ ಪ್ರಮಾಣಪತ್ರ ಲಗತ್ತಿಸಿ’ ಅಂದರೆ ಜೆರಾಕ್ಸ್ ಬೇಡ, ಒರಿಜಿನಲ್ ಬೇಕು ಅಂತ ಅವರು ತಿಳಿದದ್ದು. ತಪ್ಪು ಅವರದ್ದಲ್ಲ.

ಇನ್ನೊಂದು ಪದ ಇದಕ್ಕಿಂತ ಕಷ್ಟ. ಸರಕಿನೊಳಗಿನ ಭಾಗಗಳನ್ನು ಒರಿಜಿನೇಟಿಂಗ್, ನಾನ್-ಒರಿಜಿನೇಟಿಂಗ್ ಅಂತ ಎರಡು ಗುಂಪು ಮಾಡುತ್ತಾರೆ. ‘ಮೂಲವಸ್ತು’ ಅಂದರೆ ಕಚ್ಚಾವಸ್ತು ಆಗಿಬಿಡುತ್ತದೆ. ‘ಮೂಲವಲ್ಲದ ವಸ್ತು’ ಅಂದರೆ ಡೂಪ್ಲಿಕೇಟ್ ಮಾಲು ಅನ್ನಿಸುತ್ತದೆ. ಸದ್ಯಕ್ಕೆ ‘ಸ್ಥಳೀಯ ಭಾಗ’, ‘ಆಮದು ಭಾಗ’ ಅಂತ ಹಾಕಿದ್ದೇನೆ. ಓದಲು ಸಲೀಸಾಗಿದೆ. ಸರಿ ಇದೆಯಾ?

ಒಬ್ಬ ನಿವೃತ್ತ ಗುಮಾಸ್ತರು:

ಮೇಡಂ, ಇದಕ್ಕೆ ಇಷ್ಟು ತಲೆ ಕೆಡಿಸಿಕೊಳ್ಳಬೇಡಿ. ನಮ್ಮ ಕಾಲದಲ್ಲಿ ‘ಅಸಲು ಪ್ರತಿ’ ಅಂತಲೇ ಬರೆಯುತ್ತಿದ್ದೆವು. ಜೊತೆಗೆ ‘ದೃಢೀಕೃತ ನಕಲು’. ಈ ಎರಡರಲ್ಲಿ ಯಾವುದು ಬೇಕೋ ಅದನ್ನು ಹಾಕಿ. ಗೊಂದಲವೇ ಇರುವುದಿಲ್ಲ.

ಅನುವಾದಕಿ:

ಸರ್, ನಾನು ಕೇಳಿದ್ದು ಪ್ರತಿಯ ಬಗ್ಗೆ ಅಲ್ಲ, ಸರಕಿನ ಹುಟ್ಟಿನ ಬಗ್ಗೆ. ಆದರೆ ನೀವೂ ಹಾಗೇ ಓದಿಕೊಂಡಿರಿ ಅಂದಮೇಲೆ ‘ಮೂಲ ಪ್ರಮಾಣಪತ್ರ’ ಸತ್ತಹಾಗೇ ಲೆಕ್ಕ.

ವ್ಯಾಪಾರ ವರದಿ ಬರೆಯುವವರೊಬ್ಬರು:

ನಡುವೆ ಒಂದು ‘ದ’ ಸೇರಿಸಿ ‘ಮೂಲದ ಪ್ರಮಾಣಪತ್ರ’ ಮಾಡಿದರೆ ಆಯ್ತು. ‘ಸ್ಥಳೀಯ’, ‘ಆಮದು’ ಎರಡೂ ಸರಿಯಾಗಿವೆ, ಹಾಗೇ ಇರಲಿ. ಹೊರಗಿನಿಂದ ತಂದದ್ದು ಆಮದು, ಇಲ್ಲೇ ಕೊಂಡದ್ದು ಸ್ಥಳೀಯ. ಪ್ರಮಾಣಪತ್ರ ಅಂತೂ ವಾಣಿಜ್ಯ ಮಂಡಳಿಗಳು ಕೊಡುತ್ತವೆ. ಅದನ್ನು ತೋರಿಸಿದರೆ ಸುಂಕ ಇಳಿಯುತ್ತದೆ.

ಕಸ್ಟಮ್ಸ್ ಕಾಗದಪತ್ರದ ಕೆಲಸ ಮಾಡುವವರು:

ಮೇಲಿನವರ ‘ದ’ ನನಗೂ ಇಷ್ಟ. ಉಳಿದದ್ದಕ್ಕೆ ತಕರಾರಿದೆ.

ಮೊದಲು ಪ್ರಮಾಣಪತ್ರ. ಇದರಲ್ಲಿ ಎರಡು ಜಾತಿ. ವಾಣಿಜ್ಯ ಮಂಡಳಿಗಳು ಸಾಮಾನ್ಯವಾಗಿ ಕೊಡುವುದು ‘ಈ ಸರಕು ಇಂಥ ದೇಶದ್ದು’ ಅನ್ನುವ ಬರಿ ಹೇಳಿಕೆ. ಅದನ್ನು ತೋರಿಸಿದರೆ ಸುಂಕ ಒಂದು ಪೈಸೆಯೂ ಇಳಿಯುವುದಿಲ್ಲ. ಇಳಿಯಬೇಕಾದರೆ ಆ ನಿರ್ದಿಷ್ಟ ಒಪ್ಪಂದ ಹೇಳಿದ ನಮೂನೆಯಲ್ಲಿ, ಅದು ಹೇಳಿದವರೇ ಕೊಟ್ಟ ಪತ್ರ ಬೇಕು. ಒಂದೇ ಸಂಸ್ಥೆ ಎರಡನ್ನೂ ಕೊಡುವುದುಂಟು, ಗೊಂದಲ ಅಲ್ಲೇ ಶುರು. ಕೈಪಿಡಿಯಲ್ಲಿ ಎರಡಕ್ಕೂ ಒಂದೇ ಹೆಸರಿಟ್ಟರೆ ಓದುಗರು ತಪ್ಪು ಕೌಂಟರಿನ ಮುಂದೆ ಕ್ಯೂ ನಿಲ್ಲುತ್ತಾರೆ.

ಇನ್ನು ‘ಆಮದು ಭಾಗ’. ಈ ಪದ ಎರಡೂ ಕಡೆಯಿಂದ ಮೋಸ ಮಾಡುತ್ತದೆ. ಒಂದು ಪಂಪ್ ತಗೊಳ್ಳಿ, ನೀರೆತ್ತುವ ಸೆಂಟ್ರಿಫ್ಯೂಗಲ್ ಪಂಪ್. ಕಾರ್ಖಾನೆಯಿಂದ ಹಡಗು ಹತ್ತುವಾಗ ಅದರ ಬೆಲೆ 1000 ಅಂದುಕೊಳ್ಳೋಣ. ಮೋಟಾರು 380, ಸೀಲು 40, ಇಂಪೆಲ್ಲರ್ 120. ಈ ಮೂರೂ ಒಪ್ಪಂದದ ಹೊರಗಿನ ದೇಶದಿಂದ ಬಂದವು. ಕವಚವನ್ನು 110ಕ್ಕೆ ಪಕ್ಕದ ವ್ಯಾಪಾರಿಯ ಹತ್ತಿರ ಕೊಂಡದ್ದು. ಉಳಿದದ್ದೆಲ್ಲ ಕಾರ್ಖಾನೆಯ ಕೂಲಿ, ಖರ್ಚು, ಲಾಭ.

ನಿಯಮಕ್ಕೆ ಆಸಿಯಾನ್ ದೇಶಗಳು ತಮ್ಮೊಳಗೆ ಮಾಡಿಕೊಂಡ ಒಪ್ಪಂದದ ಸಾಮಾನ್ಯ ಸೂತ್ರವನ್ನೇ ಹಿಡಿಯೋಣ. ಅದು ಎರಡು ದಾರಿ ಕೊಡುತ್ತದೆ. ಒಂದೋ ಹೊರಗಿನ ಭಾಗಗಳ ಎಚ್‌ಎಸ್ ಕೋಡು, ಅಂದರೆ ಕಸ್ಟಮ್ಸ್‌ನವರು ಸರಕನ್ನು ವಿಂಗಡಿಸುವ ಸಂಖ್ಯೆ, ಮೊದಲ 4 ಅಂಕಿಯಲ್ಲಿ ಸಿದ್ಧ ಸರಕಿನದಕ್ಕಿಂತ ಬೇರೆ ಇರಬೇಕು. ಇಲ್ಲವೇ ಸರಕಿನ ಬೆಲೆಯಲ್ಲಿ 40 ಪರ್ಸೆಂಟ್ ಒಪ್ಪಂದದ ದೇಶಗಳ ಒಳಗಿನದಾಗಿರಬೇಕು. (ನಿಮ್ಮ ಸರಕಿಗೆ ಪ್ರತ್ಯೇಕ ನಿಯಮ ಇರಬಹುದು, ಒಪ್ಪಂದದ ಪಟ್ಟಿ ನೋಡದೆ ಲೆಕ್ಕ ಹಾಕಬೇಡಿ.)

ಮೊದಲ ದಾರಿಯಲ್ಲಿ ನಡೆದು ನೋಡಿ. ಪಂಪ್ 8413. ಮೋಟಾರು 8501, ಬೇರೆ. ಪಾಸ್. ಸೀಲು 8484, ಪಾಸ್. ಇಂಪೆಲ್ಲರ್? ಅದು ಪಂಪಿನ ಬಿಡಿಭಾಗ. ಪಂಪಿನ ಬಿಡಿಭಾಗಗಳೂ 8413ರ ಕೆಳಗೇ ಬರುತ್ತವೆ. ಫೇಲ್. ನೋಡಿ ತಮಾಷೆ, 380ರ ಮೋಟಾರು ತಕರಾರಿಲ್ಲದೆ ದಾಟಿತು, 120ರ ಇಂಪೆಲ್ಲರ್ ಸಿಕ್ಕಿಬಿತ್ತು. ಕೋಡು ಬದಲಾಗದ ಭಾಗಗಳು ಒಟ್ಟು ಬೆಲೆಯ 10 ಪರ್ಸೆಂಟ್ ಒಳಗಿದ್ದರೆ ಮನ್ನಾ ಇದೆ. ಇದು 12. ಹೋಯ್ತು.

ಎರಡನೇ ದಾರಿ. ಹೊರಗಿನದು 380, 40, 120 ಸೇರಿ 540. ಸಾವಿರದಲ್ಲಿ ಅದನ್ನು ಕಳೆದರೆ 460, ಅಂದರೆ 46 ಪರ್ಸೆಂಟ್. ಪಾಸ್ ಅಂತ ಕುಣಿಯುವ ಮುಂಚೆ ಆ ಕವಚ ನೋಡಿ. ಪಕ್ಕದ ವ್ಯಾಪಾರಿ ಅದನ್ನು ಎಲ್ಲಿಂದ ತಂದ? ಅವನೂ ಹೊರಗಿನಿಂದಲೇ ತರಿಸಿ ಗೋದಾಮಿನಲ್ಲಿಟ್ಟು ಮಾರಿದ್ದರೆ 110 ಆಚೆ ಸೇರುತ್ತದೆ. 650 ಆಯ್ತು. ಉಳಿದದ್ದು 35 ಪರ್ಸೆಂಟ್. ಫೇಲ್. ಬಿಲ್ಲು ಊರಿನದ್ದು, ಜಿಎಸ್‌ಟಿ ಕಟ್ಟಿದೆ, ಎಲ್ಲ ಸರಿ. ಆದರೆ ಬಿಲ್ಲು ಹೇಳುವುದು ಯಾರು ಮಾರಿದರು ಅಂತ, ಎಲ್ಲಿ ಆಯಿತು ಅಂತಲ್ಲ. ನೀವು ‘ಸ್ಥಳೀಯ ಭಾಗ’ ಅಂತ ಬರೆದರೆ ಕಾರ್ಖಾನೆಯವರು ಈ ಕವಚವನ್ನು ನಿಸ್ಸಂಕೋಚವಾಗಿ ಆ ಕಾಲಮ್ಮಿಗೆ ಹಾಕುತ್ತಾರೆ.

ಈಗ ಉಲ್ಟಾ ಕಡೆ. ಅದೇ ಮೋಟಾರನ್ನು ಒಪ್ಪಂದದ ಇನ್ನೊಂದು ದೇಶದಿಂದ ತಂದಿದ್ದರೆ, ಅದು ಅಲ್ಲಿನದೇ ಅನ್ನುವ ಪುರಾವೆ ಜೊತೆಗಿದ್ದರೆ, ಅದನ್ನು ಒಳಗಿನದೇ ಅಂತ ಎಣಿಸಬಹುದು. ಆಗ ಕವಚವನ್ನು ಹೊರಗಿನದೇ ಅಂತ ಹಿಡಿದರೂ ಹೊರಗಿನದು ಬರಿ 270. ಉಳಿದ 73 ಪರ್ಸೆಂಟ್ ಒಳಗಿನದು. ಮೋಟಾರು ಆಮದೇ, ಬಿಲ್ ಆಫ್ ಎಂಟ್ರಿ ಇದೆ, ಸಂಶಯವಿಲ್ಲ. ಆದರೂ ನಾನ್-ಒರಿಜಿನೇಟಿಂಗ್ ಅಲ್ಲ.

ಮೇಲಿನ ವರದಿಗಾರರು:

ಕವಚದ ವಿಷಯ ಹೊಳೆದಿರಲಿಲ್ಲ. ಆದರೆ ಒಂದು ಪ್ರಶ್ನೆ. 10 ಪರ್ಸೆಂಟ್ ಮನ್ನಾ ಇದೆ ಅಂದಿರಲ್ಲ, ಅದನ್ನು ಎರಡನೇ ದಾರಿಯಲ್ಲೂ ಕಳೆಯಬಹುದಲ್ವಾ? 35ಕ್ಕೆ 10 ಸೇರಿಸಿದರೆ 45.

ಕಸ್ಟಮ್ಸ್ ಕಾಗದಪತ್ರದವರು:

ಇಲ್ಲ ಸರ್. ಆ ಮನ್ನಾ ಕೋಡು ಬದಲಾವಣೆಯ ದಾರಿಗೆ ಮಾತ್ರ. ಬೆಲೆಯ ಲೆಕ್ಕಕ್ಕೆ ಬಂದಾಗ ಆ ಭಾಗಗಳೂ ಪೂರ್ತಿ ಹೊರಗಿನವೇ. ಎಲ್ಲರೂ ಒಮ್ಮೆ ಈ ಗುಂಡಿಗೆ ಬೀಳುತ್ತಾರೆ.

ಯಂತ್ರ ರಫ್ತು ಮಾಡುವವರೊಬ್ಬರು:

ನಾನು ಪದ ಗಿದ ಗೊತ್ತಿಲ್ಲದವನು. ಆದರೆ ನಮ್ಮದು ಒಂದು ಕಥೆ ಕೇಳಿ. ಪ್ರಮಾಣಪತ್ರದಲ್ಲಿ ಸರಕು ಯಾವ ಆಧಾರದ ಮೇಲೆ ನಮ್ಮ ದೇಶದ್ದು ಅಂತ ಬರೆಯುವ ಒಂದು ಕಾಲಮ್ ಇರುತ್ತದೆ. ನಮ್ಮ ಹುಡುಗ ಅಲ್ಲಿ ‘ಡಬ್ಲ್ಯುಒ’ ಅಂತ ಬರೆದುಬಿಟ್ಟ. ಅಂದರೆ ಪೂರ್ತಿ ಇಲ್ಲೇ ಹುಟ್ಟಿದ್ದು. ಕಾಳು, ಹಣ್ಣು, ಗಣಿಯ ಅದಿರು, ಇಂಥವಕ್ಕೆ ಬರೆಯುವ ಮಾತು. ನಮ್ಮದು ಯಂತ್ರ, ಅದರೊಳಗೆ ಹೊರಗಿನ ಬೇರಿಂಗು. ಆ ಕಡೆಯ ಅಧಿಕಾರಿ ಬೇರಿಂಗಿನ ಮೇಲಿನ ಹೆಸರು ಓದಿ ನಕ್ಕನಂತೆ. ಪೂರ್ತಿ ಸುಂಕ ಕಟ್ಟಿಸಿಕೊಂಡರು. ಬೆಲೆಯ ಲೆಕ್ಕದಲ್ಲಿ ನಾವು ಆರಾಮಾಗಿ ಪಾಸಾಗುತ್ತಿದ್ದೆವು! ಎರಡಕ್ಷರ ಕೆಡಿಸಿತು. ಹುಡುಗನನ್ನು ಕೇಳಿದರೆ, ‘ಪೂರ್ತಿ ನಮ್ಮಲ್ಲೇ ಜೋಡಿಸಿದ್ದಲ್ವಾ ಸಾರ್’ ಅಂದ. ಅದಕ್ಕೇ ಹೇಳೋದು ಮೇಡಂ, ‘ಪೂರ್ಣ ಸ್ಥಳೀಯ’ ಅಂತ ಮಾತ್ರ ಬರೆಯಬೇಡಿ. ‘ಹೊರಗಿನದು ಒಂದು ಮೊಳೆಯೂ ಇಲ್ಲ’ ಅಂತ ಬರೆಯಿರಿ.

ನಿಘಂಟಿನ ಹುಚ್ಚಿನವರೊಬ್ಬರು:

‘ಮೊಳೆಯೂ ಇಲ್ಲ’ ಚೆನ್ನಾಗಿದೆ, ನಿಘಂಟಿಗೆ ಸೇರಿಸಲಾಗದು ಅಷ್ಟೇ.

ನನ್ನ ಸಲಹೆ ‘ಒಳಮೂಲ’, ‘ಹೊರಮೂಲ’. ಒಳಮೂಲದ ಮೋಟಾರು, ಹೊರಮೂಲದ ಕವಚ. ಒಳನಾಡು, ಹೊರನಾಡು ಇದ್ದಹಾಗೆ. ಬಾಯಿಗೂ ಕೂರುತ್ತದೆ. ‘ಮೂಲ’ವನ್ನು ಒಂಟಿಯಾಗಿ ಬಿಟ್ಟರೆ ಅಸಲು, ಬೇರು, ನಕ್ಷತ್ರ, ಕಾಯಿಲೆ, ಎಲ್ಲ ಕಡೆ ಓಡುತ್ತದೆ. ಹಿಂದೊಂದು ಪದ ಕಟ್ಟಿದರೆ ಸುಮ್ನೆ ನಿಲ್ಲುತ್ತದೆ.

ಇನ್ನೊಂದು ಮಾತು. ಒಪ್ಪಂದದಿಂದ ಇಳಿದ ಸುಂಕಕ್ಕೆ, ಅಂದರೆ ಪ್ರಿಫರೆನ್ಷಿಯಲ್ ಡ್ಯೂಟಿಗೆ, ಎಲ್ಲರೂ ‘ಆದ್ಯತಾ ಸುಂಕ’ ಅಂತ ಬರೆಯುತ್ತಾರೆ. ನನಗೆ ಅದು ಮೊದಲು ಕಟ್ಟಬೇಕಾದ ಸುಂಕ ಅಂತ ಕೇಳಿಸುತ್ತದೆ. ‘ರಿಯಾಯಿತಿ ಸುಂಕ’ ಅನ್ನಬಾರದೇಕೆ?

ಕಸ್ಟಮ್ಸ್ ಕಾಗದಪತ್ರದವರು:

‘ಹೊರಮೂಲ’ಕ್ಕೆ ನನ್ನ ಓಟು, ಒಂದು ಷರತ್ತಿನ ಮೇಲೆ. ‘ಒಳ’ ಅಂದರೆ ದೇಶದ ಒಳಗಲ್ಲ, ಒಪ್ಪಂದದ ಒಳಗೆ ಅಂತ ಮೊದಲ ಪುಟದಲ್ಲೇ ಹೇಳಬೇಕು. ಇನ್ನೂ ಒಂದು ಸಂಕಟ ಉಳಿಯುತ್ತದೆ. ವ್ಯಾಪಾರಿ ಕವಚದ ಪುರಾವೆ ಕೊಡದೇ ಹೋದರೆ, ಅದು ನಿಜವಾಗಿ ಇಲ್ಲೇ ಎರಕ ಹೊಯ್ದದ್ದಾದರೂ, ಲೆಕ್ಕದಲ್ಲಿ ಹೊರಗಿನದೇ. ಅದಕ್ಕೆ ‘ಮೂಲ ಸಾಬೀತಾಗದ’ ಅನ್ನಬೇಕು ಅಂತ ನಾನು ಬಹಳ ದಿನದಿಂದ ಅಂದುಕೊಂಡಿದ್ದೆ. ಆದರೆ ಮೂರನೇ ದೇಶದ ಇಂಪೆಲ್ಲರಿನ ಮೂಲ ಚೆನ್ನಾಗಿಯೇ ಸಾಬೀತಾಗಿದೆ, ಬೇಡದ ಕಡೆ ಸಾಬೀತಾಗಿದೆ. ಹಾಗಾಗಿ ಅದೂ ನಿಲ್ಲಲಿಲ್ಲ.

‘ರಿಯಾಯಿತಿ ಸುಂಕ’ಕ್ಕೆ ನಾನು ಒಪ್ಪುವುದಿಲ್ಲ. ಯಾವ ದೇಶದಿಂದ ಬಂದರೂ ಸಿಗುವ ಸುಂಕ ವಿನಾಯಿತಿಗಳು ಬೇರೆ ಇವೆ. ಎರಡೂ ಒಂದೇ ಅಂದುಕೊಂಡು ಪುರಾವೆಯಿಲ್ಲದೆ ಬಂದವರನ್ನು ನೋಡಿದ್ದೇನೆ.

ಅನುವಾದಕಿ:

ಕರಡು ತಿದ್ದಿದೆ. ‘ಮೂಲದೇಶದ ಪ್ರಮಾಣಪತ್ರ’ ಅಂತ ಇಟ್ಟಿದ್ದೇನೆ, ಬರಿ ‘ದ’ ಓದುವಾಗ ಜಾರುತ್ತದೆ. ಸುಂಕ ಇಳಿಸುವ ಪತ್ರಕ್ಕೆ ಹಿಂದೆ ‘ಒಪ್ಪಂದದ’ ಸೇರಿಸಿದೆ. ಭಾಗಗಳಿಗೆ ಒಳಮೂಲ, ಹೊರಮೂಲ. ಅದರ ಕೆಳಗೆ ಪಂಪಿನ ಲೆಕ್ಕ ಹಾಕಿದೆ. ಕವಚಕ್ಕೆ ವ್ಯಾಪಾರಿಯ ಹತ್ತಿರ ಏನು ಬರೆಸಿಕೊಳ್ಳಬೇಕು ಅನ್ನುವುದನ್ನೂ ಸೇರಿಸಿದ್ದೇನೆ: ಯಾವ ಕಾರ್ಖಾನೆಯಲ್ಲಿ ಆಯಿತು, ಅದಕ್ಕೆ ಹಾಕಿದ ಲೋಹ ಎಲ್ಲಿಯದು, ಕೋಡು ಯಾವುದು.

ಅದೇ ಕರಡನ್ನು ಆ ಗುಣಮಟ್ಟದ ಸರ್ಟಿಫಿಕೇಟ್ ತಂದವರಿಗೆ ಮತ್ತೆ ಕೊಟ್ಟೆ. ಈ ಸಲ ಸರಿಯಾದ ಪತ್ರ ಕೇಳಿದರು. ಆಮೇಲೆ, ‘ಹೊರಮೂಲ ಅಂದ್ರೆ ಹೊರಗುತ್ತಿಗೆ ಕೊಟ್ಟದ್ದಾ?’ ಅಂದರು. ಸುಂಕದ ಪದ ಇನ್ನೂ ಖಾಲಿ ಬಿಟ್ಟಿದ್ದೇನೆ. ಯಾರಿಗಾದರೂ ‘ಒಪ್ಪಂದ ಸುಂಕ’ಕ್ಕೆ ಆಕ್ಷೇಪ ಇದೆಯಾ?